ಹನ್ನೆರಡೂವರೆ ಲಕ್ಷದ ಮಳಿಗೆ, ನಾಲ್ಕೂಮುಕ್ಕಾಲು ಲಕ್ಷದ ಅಂಗಡಿ: ದಾವಣಗೆರೆಯ ಒಂದು ಪ್ರಕರಣ

ದಾವಣಗೆರೆಯ ಔಷಧ ವಿತರಣಾ ಏಜೆನ್ಸಿಯೊಂದರಲ್ಲಿ ಬಹುಕಾಲ ಗೋದಾಮು ಮತ್ತು ಲೆಕ್ಕ ನೋಡಿಕೊಂಡಿದ್ದ, ನಲವತ್ತು ದಾಟಿದ ಒಬ್ಬರು, ಮಾಲೀಕರು ವ್ಯವಹಾರವನ್ನು ಹುಬ್ಬಳ್ಳಿಗೆ ಒಯ್ದಾಗ ಕೆಲಸ ಬಿಟ್ಟು ಇಲ್ಲಿಯೇ ಉಳಿದರು. ಪತ್ನಿ ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದರು. ಮಗಳು ಪ್ರೌಢಶಾಲೆಯಲ್ಲಿದ್ದಳು, ಜೊತೆಯಲ್ಲಿ ವಯಸ್ಸಾದ ತಾಯಿ. ತಿಂಗಳ ಮನೆಖರ್ಚು ಸುಮಾರು 22,000 ರೂಪಾಯಿ. ಭವಿಷ್ಯ ನಿಧಿ, ಬ್ಯಾಂಕ್ ಠೇವಣಿ ಮತ್ತು ಮುಗಿದ ಒಂದು ಚೀಟಿಯ ಹಣ ಸೇರಿ ಅವರ ಕೈಯಲ್ಲಿದ್ದದ್ದು 9.5 ಲಕ್ಷ. ಊರಿನಲ್ಲಿ ಚಹಾ ಅಂಗಡಿ ಹಾಕುವುದೆಂದು ದಂಪತಿ ನಿರ್ಧರಿಸಿಯಾಗಿತ್ತು. ಹೊರರಾಜ್ಯದ ಒಂದು ಚಹಾ ಕಂಪನಿಯ ಫ್ರಾಂಚೈಸಿ ತೆಗೆದುಕೊಳ್ಳಬೇಕೋ, ತಮ್ಮದೇ ಹೆಸರಿನಲ್ಲಿ ಅಂಗಡಿ ತೆರೆಯಬೇಕೋ ಎಂಬುದಷ್ಟೇ ಬಾಕಿ ಉಳಿದ ಪ್ರಶ್ನೆಯಾಗಿತ್ತು. ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ಮತ್ತು ತೆರಿಗೆಯ ಕೆಲಸ ಮಾಡುವ ನನ್ನ ಬಳಿಗೆ ಅವರು ಬಂದದ್ದು ಕಂಪನಿಯ ಕೈಪಿಡಿ ಮತ್ತು ಒಪ್ಪಂದದ ಕರಡನ್ನು ಹಿಡಿದುಕೊಂಡು. ಅವರ ಒಪ್ಪಿಗೆಯ ಮೇರೆಗೆ, ಹೆಸರು ಮತ್ತು ಗುರುತುಗಳನ್ನು ಬಿಟ್ಟು, ಆ ಲೆಕ್ಕವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಎಂಟು ಲಕ್ಷ ಎಂಬ ಸಂಖ್ಯೆ

ಕೈಪಿಡಿಯ ಮೊದಲ ಪುಟದಲ್ಲೇ "ಒಟ್ಟು ಹೂಡಿಕೆ ಕೇವಲ 8 ಲಕ್ಷ" ಎಂದು ದಪ್ಪಕ್ಷರದಲ್ಲಿ ಮುದ್ರಿಸಲಾಗಿತ್ತು. ತಮ್ಮ 9.5 ಲಕ್ಷದಲ್ಲಿ ಅದು ಆರಾಮವಾಗಿ ಹಿಡಿಸುತ್ತದೆ ಎಂದು ಅವರು ಭಾವಿಸಿದ್ದರು. ಆದರೆ ಮನೆಯ ಆರು ತಿಂಗಳ ಖರ್ಚಿಗೂ ತಾಯಿಯ ಔಷಧಕ್ಕೂ 1.5 ಲಕ್ಷವನ್ನು ಮುಟ್ಟದೆ ಎತ್ತಿಟ್ಟರೆ, ವ್ಯಾಪಾರಕ್ಕೆ ನಿಜವಾಗಿ ಸಿಗುವುದು 8 ಲಕ್ಷ ಮಾತ್ರ. ಮನೆಯ ಹಣ ಮತ್ತು ಅಂಗಡಿಯ ಹಣದ ನಡುವೆ ಈ ಗೆರೆಯನ್ನು ಮೊದಲೇ ಎಳೆಯದಿದ್ದರೆ ಮುಂದಿನ ಯಾವ ಲೆಕ್ಕಕ್ಕೂ ಅರ್ಥವಿರುವುದಿಲ್ಲ. ಆದ್ದರಿಂದ ನಾವು ಅಲ್ಲಿಂದಲೇ ಆರಂಭಿಸಿದೆವು.

ಅನಂತರ ಕೈಪಿಡಿಯ 8 ಲಕ್ಷದೊಳಗೆ ಏನಿದೆ, ಏನಿಲ್ಲ ಎಂಬುದನ್ನು ಬಿಡಿಸಿ ನೋಡಿದೆವು. ಫ್ರಾಂಚೈಸಿ ಶುಲ್ಕ 3 ಲಕ್ಷ ಎಂದಿತ್ತು, ಆದರೆ ಅದರ ಮೇಲೆ ಶೇಕಡ 18ರ ಜಿಎಸ್‌ಟಿ ಸೇರಿದರೆ 3.54 ಲಕ್ಷ. ಒಳಾಂಗಣ, ಕೌಂಟರ್, ಬೋರ್ಡು, ಯಂತ್ರಗಳನ್ನು ಕಂಪನಿ ಸೂಚಿಸಿದವರಿಂದಲೇ ಮಾಡಿಸಬೇಕಿತ್ತು. ತೆರಿಗೆಯೂ ಸೇರಿದ ಅವರ ಅಂದಾಜುಪಟ್ಟಿ ತರಿಸಿಕೊಂಡಾಗ ಅದು 5.5 ಲಕ್ಷವಾಯಿತು. ಮೊದಲ ಸರಕು 70,000. ವಿದ್ಯಾನಗರದ ಮುಖ್ಯರಸ್ತೆಯಲ್ಲಿ ಕಂಪನಿ ಒಪ್ಪುವ ಅಳತೆಯ ಮಳಿಗೆಗೆ ಮುಂಗಡ 1.5 ಲಕ್ಷ. ಪಾಲಿಕೆಯ ವ್ಯಾಪಾರ ಪರವಾನಗಿ, ಆಹಾರ ಸುರಕ್ಷತಾ ಪರವಾನಗಿ, ವಿದ್ಯುತ್ ಠೇವಣಿ ಮುಂತಾದವುಗಳಿಗೆ 25,000. ಮೊದಲ ತಿಂಗಳುಗಳಲ್ಲಿ ವ್ಯಾಪಾರ ಕುದುರುವವರೆಗೆ ಕೈಖರ್ಚಿಗೆ ಒಂದು ಲಕ್ಷ. ಇವೆಲ್ಲ ಸೇರಿ ಸುಮಾರು 12.5 ಲಕ್ಷ. ಕೈಪಿಡಿಯ ಸಂಖ್ಯೆಯಲ್ಲಿ ಮುಂಗಡವಾಗಲಿ, ತೆರಿಗೆಯಾಗಲಿ, ಕೈಖರ್ಚಾಗಲಿ ಇರಲಿಲ್ಲ. ಇದು ಈ ಒಂದು ಕಂಪನಿಯ ವಿಶೇಷವಲ್ಲ, ನಾನು ನೋಡಿದ ಇಂಥ ಹಲವು ಕೈಪಿಡಿಗಳಲ್ಲಿ ಇದೇ ಮೂರು ಬಾಬತ್ತುಗಳು ಹೊರಗುಳಿದಿರುತ್ತವೆ.

ಕೊರತೆ 4.5 ಲಕ್ಷ. ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ 5 ಲಕ್ಷದವರೆಗೆ ಸಾಲಕ್ಕೆ ಅವಕಾಶವಿರುವುದರಿಂದ ಹಣ ಹುಟ್ಟುವುದಿಲ್ಲ ಎಂಬ ಚಿಂತೆ ಇರಲಿಲ್ಲ. ಶೇಕಡ 12ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 10,000 ರೂಪಾಯಿ ಬರುತ್ತದೆ. ಅಂಗಡಿಯ ಬಾಗಿಲು ತೆರೆದ ದಿನದಿಂದಲೇ ಆ ಕಂತು ಬಾಡಿಗೆಯಷ್ಟೇ ಕಡ್ಡಾಯದ ಖರ್ಚಾಗುತ್ತದೆ.

ದಿನಕ್ಕೆ ಎಷ್ಟು ಮಾರಬೇಕು

ಚಹಾದಂತಹ ವ್ಯಾಪಾರದಲ್ಲಿ ಲಾಭದ ಶೇಕಡಾವಾರನ್ನು ಕೇಳುವುದಕ್ಕಿಂತ, ಮನೆ ನಡೆಯಬೇಕಾದರೆ ದಿನಕ್ಕೆ ಎಷ್ಟು ರೂಪಾಯಿಯ ಮಾರಾಟ ಆಗಬೇಕು ಎಂದು ಕೇಳುವುದು ಹೆಚ್ಚು ಉಪಯುಕ್ತ. ಏಕೆಂದರೆ ಆ ಸಂಖ್ಯೆಯನ್ನು ರಸ್ತೆಯಲ್ಲಿ ನಿಂತು ಪರೀಕ್ಷಿಸಬಹುದು.

ಫ್ರಾಂಚೈಸಿಯ ಮಳಿಗೆಯಲ್ಲಿ 100 ರೂಪಾಯಿಯ ಮಾರಾಟಕ್ಕೆ ಸರಕಿನ ಖರ್ಚು ಸುಮಾರು 38 ರೂಪಾಯಿ. ಚಹಾ ಮಿಶ್ರಣ, ಕುಡಿಯುವ ಕಪ್‌ಗಳು, ತಿನಿಸು ಎಲ್ಲವನ್ನೂ ಕಂಪನಿಯಿಂದಲೇ ಕೊಳ್ಳಬೇಕಿತ್ತು. ಮಾರಾಟದ ಮೇಲೆ ಶೇಕಡ 6 ರಾಯಧನ, ಶೇಕಡ 2 ಪ್ರಚಾರ ನಿಧಿ. ಈ 8 ರೂಪಾಯಿಯ ಮೇಲೆಯೂ ಶೇಕಡ 18ರ ಜಿಎಸ್‌ಟಿ ಇರುವುದರಿಂದ ಅದು ಸುಮಾರು 9.5 ರೂಪಾಯಿ ಆಗುತ್ತದೆ. ಇಲ್ಲಿ ಗಮನಿಸದೆ ಹೋಗುವ ಒಂದು ಸಂಗತಿಯಿದೆ. ಹೋಟೆಲು, ಚಹಾ ಅಂಗಡಿಗಳ ಸೇವೆಗೆ ಶೇಕಡ 5ರ ಜಿಎಸ್‌ಟಿ ದರವಿದ್ದು, ಆ ದರದಲ್ಲಿ ಕೊಂಡ ಸರಕು ಮತ್ತು ಸೇವೆಯ ಮೇಲೆ ಕಟ್ಟಿದ ತೆರಿಗೆಯನ್ನು ಮರಳಿ ಹೊಂದಿಸಿಕೊಳ್ಳಲು ಅವಕಾಶವಿಲ್ಲ. "ಶುಲ್ಕದ ಮೇಲಿನ ಜಿಎಸ್‌ಟಿ ನಿಮಗೆ ವಾಪಸ್ ಸಿಗುತ್ತದೆ" ಎಂದು ಕಂಪನಿಯ ಪ್ರತಿನಿಧಿ ಇವರಿಗೆ ಫೋನಿನಲ್ಲಿ ಹೇಳಿದ್ದರು. ಬಟ್ಟೆ ಅಂಗಡಿಗೆ ಅದು ನಿಜವಿರಬಹುದು, ಚಹಾ ಅಂಗಡಿಗೆ ಅದು ನೇರ ಖರ್ಚು.

ಹೀಗೆ 100 ರೂಪಾಯಿಯಲ್ಲಿ ಕೈಗೆ ಉಳಿಯುವುದು 52.5. ತಿಂಗಳ ಖಾಯಂ ಖರ್ಚಿನಲ್ಲಿ ಬಾಡಿಗೆ 16,000, ಕಂಪನಿಯ ನಿಯಮದಂತೆ ಸಮವಸ್ತ್ರದ ಇಬ್ಬರು ಕೆಲಸಗಾರರಿಗೆ 26,000, ಗ್ಯಾಸು, ಕರೆಂಟು, ಬಿಲ್ಲಿಂಗ್ ತಂತ್ರಾಂಶ, ರಿಪೇರಿ ಸೇರಿ 12,000, ಒಟ್ಟು 54,000. ಇದಕ್ಕೆ ಮನೆಖರ್ಚು 22,000, ಸಾಲದ ಕಂತು 10,000, ಮತ್ತು ಸ್ವಂತ ಉಳಿತಾಯದಿಂದ ಕಟ್ಟಿದ ಫ್ರಾಂಚೈಸಿ ಶುಲ್ಕವನ್ನು ಒಪ್ಪಂದದ ಐದು ವರ್ಷಗಳಲ್ಲಿ ಮರಳಿ ಗಳಿಸಲು ತಿಂಗಳಿಗೆ 5,900 ಸೇರಿಸಬೇಕು. ಸುಮಾರು 92,000 ರೂಪಾಯಿ ಕೈಗೆ ಉಳಿಯಬೇಕೆಂದರೆ ತಿಂಗಳಿಗೆ 1.75 ಲಕ್ಷ, ದಿನಕ್ಕೆ ಹೆಚ್ಚುಕಡಿಮೆ 5,800 ರೂಪಾಯಿಯ ಮಾರಾಟ ಬೇಕು.

ಸ್ವಂತ ಅಂಗಡಿಯ ಲೆಕ್ಕವನ್ನು ಇದೇ ಕಟ್ಟುನಿಟ್ಟಿನಿಂದ ಹಾಕಿದೆವು. ಹದಡಿ ರಸ್ತೆಯ ಕಡೆಗೆ ತಿರುವಿನಲ್ಲಿದ್ದ ಚಿಕ್ಕ ಮಳಿಗೆಗೆ ಬಾಡಿಗೆ 11,000, ಮುಂಗಡ 80,000. ಸ್ಟೀಲ್ ಕೌಂಟರು, ಒಲೆ, ಹಳೆಯದಾದರೂ ಗಟ್ಟಿಯಾದ ಫ್ರಿಜ್ಜು, ಪಾತ್ರೆ, ನೀರಿನ ಶುದ್ಧೀಕರಣ ಯಂತ್ರ, ಬಣ್ಣ ಮತ್ತು ವೈರಿಂಗ್ ಸೇರಿ 2.6 ಲಕ್ಷ. ಪರವಾನಗಿ ಮತ್ತು ಬೋರ್ಡಿಗೆ 35,000, ಸರಕಿಗೆ 25,000, ಕೈಖರ್ಚಿಗೆ 75,000. ಒಟ್ಟು 4.75 ಲಕ್ಷ. ಬೆಲೆ ಕಡಿಮೆ ಇಡಬೇಕಾದ್ದರಿಂದ 100 ರೂಪಾಯಿಗೆ ಸರಕಿನ ಖರ್ಚು 45 ಎಂದು ಹೆಚ್ಚಾಗಿಯೇ ಹಿಡಿದೆವು, ಆದರೆ ರಾಯಧನವಿಲ್ಲದ ಕಾರಣ 55 ಉಳಿಯುತ್ತದೆ. ಒಬ್ಬ ಸಹಾಯಕನ ಕೂಲಿಯೂ ಸೇರಿ ಖಾಯಂ ಖರ್ಚು 34,000, ಮನೆಖರ್ಚು 22,000. ಮರಳಿ ಸಿಗದ ಒಳಾಂಗಣದ ಹಣವನ್ನು ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಮೂರು ಸಾವಿರದಷ್ಟು. ಇಲ್ಲಿ ದಿನಕ್ಕೆ ಬೇಕಾದ ಮಾರಾಟ ಸುಮಾರು 3,600 ರೂಪಾಯಿ. ವರ್ಷಕ್ಕೆ ಅದು ಸುಮಾರು 13 ಲಕ್ಷ ಮಾತ್ರ ಆಗುವುದರಿಂದ, ಸೇವೆಗಳಿಗೆ ಇರುವ 20 ಲಕ್ಷದ ಮಿತಿಯೊಳಗೆ ಜಿಎಸ್‌ಟಿ ನೋಂದಣಿಯ ಕಡ್ಡಾಯವೂ ಬರುವುದಿಲ್ಲ. ಫ್ರಾಂಚೈಸಿಯ ಮಳಿಗೆ ತಾನು ಬದುಕಲು ಬೇಕಾದ ಮಾರಾಟದಲ್ಲೇ ಆ ಮಿತಿಯನ್ನು ದಾಟುತ್ತಿತ್ತು.

ಎರಡೂ ಲೆಕ್ಕದಲ್ಲಿ ಮನೆಖರ್ಚನ್ನು ಮಾಲೀಕನ ದುಡಿಮೆಯ ಬೆಲೆಯಾಗಿ ಸೇರಿಸಿದ್ದನ್ನು ಓದುಗರು ಗಮನಿಸಬೇಕು. ಕೈಪಿಡಿಯಲ್ಲಿ "12 ತಿಂಗಳಲ್ಲಿ ಹೂಡಿಕೆ ವಾಪಸ್" ಎಂಬ ಕೋಷ್ಟಕವಿತ್ತು. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ನಿಲ್ಲುವ ಮಾಲೀಕನಿಗೆ ಅದರಲ್ಲಿ ಒಂದು ರೂಪಾಯಿಯನ್ನೂ ತೋರಿಸಿರಲಿಲ್ಲ. ಸ್ವಂತ ಅಂಗಡಿಯವರೂ ಇದೇ ತಪ್ಪು ಮಾಡುತ್ತಾರೆ. ತಮ್ಮ ದುಡಿಮೆಯನ್ನು ಪುಕ್ಕಟೆ ಎಂದು ಬಿಟ್ಟು, ಉಳಿದದ್ದನ್ನೆಲ್ಲ ಲಾಭವೆಂದು ಕರೆಯುತ್ತಾರೆ.

ಹಾಲಿನ ಪ್ಯಾಕೆಟ್ಟುಗಳ ಎಣಿಕೆ

ಈಗ ಪ್ರಶ್ನೆ ಸ್ಪಷ್ಟವಾಯಿತು. ಕಂಪನಿಯ ಹೆಸರು ದಿನಕ್ಕೆ ಹೆಚ್ಚುವರಿ 2,200 ರೂಪಾಯಿಯ ವ್ಯಾಪಾರವನ್ನು ತರುತ್ತದೆಯೇ? ಇದಕ್ಕೆ ಉತ್ತರ ಕೈಪಿಡಿಯಲ್ಲಿ ಸಿಗುವುದಿಲ್ಲ, ಬೀದಿಯಲ್ಲಿ ಸಿಗುತ್ತದೆ.

ವಿದ್ಯಾನಗರದ ಆ ಮಳಿಗೆಯ ಆಸುಪಾಸಿನಲ್ಲಿ ಆಗಲೇ ಎರಡು ಚಹಾ ಅಂಗಡಿಗಳಿದ್ದವು. ಯಾವ ಅಂಗಡಿಯವರೂ ತಮ್ಮ ಮಾರಾಟವನ್ನು ನಿಜವಾಗಿ ಹೇಳುವುದಿಲ್ಲ, ಹೇಳಬೇಕೆಂದು ಕೇಳುವುದೂ ಸರಿಯಲ್ಲ. ಆದರೆ ಹಾಲು ಸುಳ್ಳು ಹೇಳುವುದಿಲ್ಲ. ಅರ್ಧ ಲೀಟರಿನ ನಂದಿನಿ ಪ್ಯಾಕೆಟ್ಟುಗಳು ಬೆಳಿಗ್ಗೆ ಕ್ರೇಟುಗಳಲ್ಲಿ ಬಂದು ಇಳಿಯುತ್ತವೆ, ಸಂಜೆ ಮತ್ತೊಮ್ಮೆ ಇಳಿಯುತ್ತವೆ. ಒಂದು ಲೀಟರ್ ಹಾಲಿಗೆ ನಮ್ಮ ಕಡೆಯ ರೂಢಿಯಂತೆ ನೀರು ಬೆರೆಸಿದರೆ ಸಣ್ಣ ಲೋಟದಲ್ಲಿ ಹನ್ನೆರಡರಷ್ಟು ಚಹಾ ಆಗುತ್ತದೆ. ಪತ್ನಿ ಒಂದು ವಾರ ಬೆಳಿಗ್ಗೆ ಮತ್ತು ಸಂಜೆ ಆ ದಾರಿಯಲ್ಲಿ ಹೋಗಿ ಕ್ರೇಟುಗಳನ್ನು ಎಣಿಸಿ ಬಂದರು. ಹೆಚ್ಚು ಓಡುವ ಅಂಗಡಿಗೆ ದಿನಕ್ಕೆ ಸುಮಾರು 28 ಲೀಟರ್ ಹಾಲು ಬರುತ್ತಿತ್ತು. ಅಂದರೆ 330ರಿಂದ 340 ಲೋಟ, 12 ರೂಪಾಯಿಯ ಬೆಲೆಯಲ್ಲಿ ಸುಮಾರು 4,000 ರೂಪಾಯಿಯ ಚಹಾ. ಹಲವು ವರ್ಷಗಳಿಂದ ನೆಲೆಗೊಂಡ ಅಂಗಡಿಯ ಲೆಕ್ಕವಿದು. ಭಾನುವಾರ ಅದು ಅರ್ಧಕ್ಕೆ ಇಳಿಯುತ್ತಿತ್ತು, ಏಕೆಂದರೆ ಗಿರಾಕಿಗಳಲ್ಲಿ ಬಹುಪಾಲು ಕಾಲೇಜಿನ ಹುಡುಗರು ಮತ್ತು ಕೋಚಿಂಗಿಗೆ ಬರುವವರು. ಪರೀಕ್ಷೆ ಮುಗಿದು ಹಾಸ್ಟೆಲುಗಳು ಖಾಲಿಯಾಗುವ ತಿಂಗಳುಗಳು ಬೇಸಿಗೆಗೇ ಸೇರುತ್ತವೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಚಹಾ ಕೇಳುವವರೇ ಕಡಿಮೆ.

ಕಂಪನಿಯ ಚಹಾದ ಬೆಲೆ 20 ರೂಪಾಯಿ. ತಿನಿಸು ಸೇರಿ ಒಂದು ಬಿಲ್ಲಿಗೆ ಸರಾಸರಿ 35 ರೂಪಾಯಿ ಎಂದರೂ 5,800 ರೂಪಾಯಿಗೆ ದಿನಕ್ಕೆ 165 ಬಿಲ್ಲು ಬೇಕು. ಅದೂ ಭಾನುವಾರ, ರಜೆ, ಬೇಸಿಗೆ ಎಲ್ಲವನ್ನೂ ಸೇರಿಸಿದ ಸರಾಸರಿ. ಇದು ಅಸಾಧ್ಯವೆಂದು ನಾನು ಹೇಳುವುದಿಲ್ಲ. ಬೆಂಗಳೂರಿನ ಕಚೇರಿ ಪ್ರದೇಶದಲ್ಲಿ ಇದು ಸಾಮಾನ್ಯವೇ ಇರಬಹುದು. ಆದರೆ 12 ರೂಪಾಯಿಗೆ ಒಳ್ಳೆಯ ಚಹಾ ಸಿಗುವ ರಸ್ತೆಯಲ್ಲಿ 20 ರೂಪಾಯಿ ಕೊಡಲು ಅಷ್ಟು ಜನ ದಿನವೂ ಬರಬೇಕೆಂದರೆ, ಆ ಹೆಸರಿಗೆ ಈ ಊರಿನಲ್ಲಿ ಆಗಲೇ ಮನ್ನಣೆ ಇರಬೇಕು. ಆ ಹೆಸರನ್ನು ಇಲ್ಲಿ ಕೇಳಿದವರು ವಿರಳ.

ಪತಿ ಬೇರೆ ಊರುಗಳಲ್ಲಿರುವ ಇದೇ ಕಂಪನಿಯ ಮೂರು ಮಳಿಗೆಗಳನ್ನು ನೋಡಿಬಂದರು. ಕಂಪನಿ ಕೊಟ್ಟ ಪಟ್ಟಿಯಲ್ಲಿದ್ದ ಮಳಿಗೆಗಳನ್ನಷ್ಟೇ ನೋಡಬಾರದು, ಪಟ್ಟಿಯಲ್ಲಿ ಹಿಂದೆ ಇದ್ದು ಈಗ ಇಲ್ಲದವುಗಳನ್ನು ಹುಡುಕಬೇಕು ಎಂದು ನಾನು ಒತ್ತಿ ಹೇಳಿದ್ದೆ. ಹಳೆಯ ಜಾಹೀರಾತುಗಳಲ್ಲಿ ಮತ್ತು ಮ್ಯಾಪಿನಲ್ಲಿ "ಶಾಶ್ವತವಾಗಿ ಮುಚ್ಚಿದೆ" ಎಂದು ತೋರಿಸುವ ಮಳಿಗೆಗಳು ಸಿಕ್ಕಿಬಿಡುತ್ತವೆ. ಮುಚ್ಚಿದ ಒಂದು ಮಳಿಗೆಯ ಮಾಲೀಕರು ಅದೇ ಜಾಗದಲ್ಲಿ ಈಗ ಮೊಬೈಲ್ ಬಿಡಿಭಾಗ ಮಾರುತ್ತಿದ್ದರು. ಅವರು ಹೇಳಿದ ಮಾತನ್ನು ಪತಿ ಬರೆದುಕೊಂಡು ಬಂದಿದ್ದರು: "ಹೆಸರು ನೋಡಿ ಜನ ಎರಡು ತಿಂಗಳು ಬರ್ತಾರ್ರೀ ಅಣ್ಣಾ. ಮೂರನೇ ತಿಂಗಳಿಂದ ರುಚಿಗೂ ನಮ್ಮ ಮುಖಕ್ಕೂ ಬರಬೇಕು. ಆ ಕೌಂಟರ್ ನೋಡ್ರೀ, ಕಂಪನಿ ಬಣ್ಣದ್ದು, ಯಾರೂ ತಗೊಳ್ಳಲಿಲ್ಲ, ಕೊನೆಗೆ ಗುಜರಿಗೆ ಹಾಕಿದೆ." ನಡೆಯುತ್ತಿದ್ದ ಇನ್ನೆರಡು ಮಳಿಗೆಗಳವರು ಹೇಳಿದ ದಿನದ ಮಾರಾಟ, ಆರಂಭದ ಸಡಗರ ಇಳಿದ ಮೇಲೆ, 3,500ರಿಂದ 4,500ರ ನಡುವೆ ಇತ್ತು.

ಒಪ್ಪಂದದ ಕರಡು ಮತ್ತು ಕಂಪನಿಯ ದಾಖಲೆ

ಅಮೆರಿಕದಲ್ಲಿ ಫ್ರಾಂಚೈಸಿ ಕೊಡುವ ಕಂಪನಿ, ಸಹಿಗೆ ಅಥವಾ ಹಣ ಪಡೆಯುವುದಕ್ಕೆ ಕನಿಷ್ಠ 14 ದಿನ ಮೊದಲು, ಮುಚ್ಚಿದ ಮಳಿಗೆಗಳ ವಿವರವನ್ನೂ ಒಳಗೊಂಡ ಮಾಹಿತಿ ದಾಖಲೆಯನ್ನು ಕೊಡಲೇಬೇಕು. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನು ಇಲ್ಲ. 1872ರ ಒಪ್ಪಂದ ಕಾಯ್ದೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆ ಮುಂತಾದವುಗಳೇ ಅನ್ವಯಿಸುತ್ತವೆ. ಆದ್ದರಿಂದ ಕೇಳದೆ ಯಾರೂ ಏನನ್ನೂ ಹೇಳುವುದಿಲ್ಲ, ಹುಡುಕುವ ಕೆಲಸ ನಮ್ಮದೇ.

ಟ್ರೇಡ್‌ಮಾರ್ಕ್ ಕಚೇರಿಯ ಸಾರ್ವಜನಿಕ ಹುಡುಕಾಟದಲ್ಲಿ ಹೆಸರು ಹಾಕಿ ನೋಡಿದೆವು. ಚಹಾ ಪುಡಿ ಮುಂತಾದ ಸರಕುಗಳ 30ನೇ ವರ್ಗದಲ್ಲಿ ಹೆಸರು ನೋಂದಣಿಯಾಗಿತ್ತು, ಆದರೆ ಹೋಟೆಲು ಮತ್ತು ಉಪಾಹಾರ ಸೇವೆಯ 43ನೇ ವರ್ಗದಲ್ಲಿ ಅರ್ಜಿಯ ಸ್ಥಿತಿ Objected ಎಂದಿತ್ತು. ಆಕ್ಷೇಪಣೆ ಬಂದ ಅನೇಕ ಅರ್ಜಿಗಳು ಉತ್ತರ ಕೊಟ್ಟ ಮೇಲೆ ನೋಂದಣಿಯಾಗುತ್ತವೆ, ಹಾಗಾಗಿ ಇದನ್ನೇ ದೊಡ್ಡ ದೋಷವೆಂದು ಹಿಡಿಯಬೇಕಿಲ್ಲ. ಆದರೆ ಮೂರು ಲಕ್ಷ ಕೊಟ್ಟು ಕೊಳ್ಳುತ್ತಿರುವ ಮುಖ್ಯ ವಸ್ತುವೇ ಹೆಸರು. ಯಾವ ಸೇವೆಗೆ ಅದನ್ನು ಬಳಸುತ್ತೇವೋ ಆ ವರ್ಗದಲ್ಲಿ ಅದರ ಹಕ್ಕು ಇನ್ನೂ ಗಟ್ಟಿಯಾಗಿಲ್ಲ ಎಂಬುದು ಬೆಲೆ ಮಾತಾಡುವಾಗ ತಿಳಿದಿರಬೇಕಾದ ಸಂಗತಿ.

ಇದಕ್ಕಿಂತ ಹೆಚ್ಚು ಹೇಳಿದ್ದು ಕಂಪನಿಯ ಲೆಕ್ಕಪತ್ರ. ಅದು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದುದರಿಂದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಶುಲ್ಕ ಕಟ್ಟಿ, ಅದು ಸಲ್ಲಿಸಿದ ವಾರ್ಷಿಕ ಲೆಕ್ಕವನ್ನು ನೋಡಬಹುದಿತ್ತು. ಆದಾಯದ ಟಿಪ್ಪಣಿಯಲ್ಲಿ ರಾಯಧನದ ಪಾಲು ತೀರ ಸಣ್ಣದು. ಬಹುಪಾಲು ಹೊಸ ಮಳಿಗೆಗಳ ಶುಲ್ಕದಿಂದಲೂ, ಅವುಗಳಿಗೆ ಒದಗಿಸಿದ ಸಲಕರಣೆಯಿಂದಲೂ ಬಂದಿತ್ತು. ನನ್ನ ಮಟ್ಟಿಗೆ ಇಡೀ ಪರಿಶೀಲನೆಯಲ್ಲಿ ಇದೇ ಅತ್ಯಂತ ಮುಖ್ಯವಾದ ಸಾಲು. ರಾಯಧನದಿಂದ ಬದುಕುವ ಕಂಪನಿಗೆ ಮಳಿಗೆ ನಡೆಯುತ್ತಿರಬೇಕಾದ ಅಗತ್ಯವಿರುತ್ತದೆ. ಶುಲ್ಕದಿಂದ ಬದುಕುವ ಕಂಪನಿಗೆ ಮಳಿಗೆಗಳು ತೆರೆಯುತ್ತಿದ್ದರೆ ಸಾಕು.

ಕರಡಿನ ಷರತ್ತುಗಳಲ್ಲಿ ಮೂರನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು, ಅರ್ಧ ಕಿಲೋಮೀಟರ್ ವ್ಯಾಪ್ತಿಯಲ್ಲಿ ಇನ್ನೊಂದು ಮಳಿಗೆ ಕೊಡುವುದಿಲ್ಲ ಎಂದು ಬರೆದು, ಅದರ ಮುಂದೆಯೇ "ಕಂಪನಿಯ ವಿವೇಚನೆಗೆ ಒಳಪಟ್ಟು" ಎಂದು ಸೇರಿಸಲಾಗಿತ್ತು. ಮೊದಲ ಭಾಗ ಕೊಟ್ಟದ್ದನ್ನು ಎರಡನೆಯ ಭಾಗ ಕಸಿದುಕೊಳ್ಳುತ್ತಿತ್ತು. ಎರಡನೆಯದು, ಮೂರು ವರ್ಷದೊಳಗೆ ಮುಚ್ಚಿದರೆ ಉಳಿದ ಅವಧಿಯ ಕನಿಷ್ಠ ರಾಯಧನವನ್ನು ಕಟ್ಟಬೇಕೆಂದಿದ್ದು, ಅದರ ಭದ್ರತೆಗೆ ದಿನಾಂಕವಿಲ್ಲದ, ಸಹಿ ಹಾಕಿದ ಚೆಕ್ಕುಗಳನ್ನು ಕೇಳಲಾಗಿತ್ತು. ಒಪ್ಪಂದ ಕಾಯ್ದೆಯ 74ನೇ ಕಲಮಿನ ಪ್ರಕಾರ ಬರೆದಿಟ್ಟ ದಂಡದ ಮೊತ್ತವೆಲ್ಲ ಹಾಗೆಯೇ ವಸೂಲಾಗುವುದಿಲ್ಲ, ನ್ಯಾಯಾಲಯ ಸಮಂಜಸವಾದ ಪರಿಹಾರವನ್ನಷ್ಟೇ ಕೊಡಿಸುತ್ತದೆ. ಆದರೆ ಆ ವಾದವನ್ನು ಹೂಡುವ ಮೊದಲೇ ಚೆಕ್ಕು ಬೌನ್ಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕ್ರಿಮಿನಲ್ ಪ್ರಕರಣ ಎದುರಾಗುತ್ತದೆ, ಅದಕ್ಕೆ ವಕೀಲರನ್ನು ಇಟ್ಟುಕೊಂಡು ಓಡಾಡಬೇಕಾಗುತ್ತದೆ. ವಿವಾದ ಬಂದರೆ ಮಧ್ಯಸ್ಥಗಾರರ ತೀರ್ಮಾನ ಕಂಪನಿಯ ಊರಿನಲ್ಲೇ ಆಗಬೇಕೆಂಬ ಷರತ್ತೂ ಇದ್ದುದರಿಂದ, ಸಣ್ಣ ಮೊತ್ತಕ್ಕಾಗಿ ಯಾರೂ ಅಷ್ಟು ದೂರ ಹೋಗುವುದಿಲ್ಲ ಎಂಬುದು ಸ್ಪಷ್ಟ. ಮೂರನೆಯದು, ಒಪ್ಪಂದ ಮುಗಿದ ಎರಡು ವರ್ಷ ಚಹಾ ವ್ಯಾಪಾರವನ್ನೇ ಮಾಡಬಾರದೆಂಬ ನಿರ್ಬಂಧ. ಒಪ್ಪಂದ ಜಾರಿಯಲ್ಲಿರುವಾಗ ಪೈಪೋಟಿಯ ವ್ಯಾಪಾರ ಮಾಡಬಾರದೆಂಬ ಷರತ್ತು ಊರ್ಜಿತವೆಂದು ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ಮುಗಿದ ಮೇಲಿನ ನಿರ್ಬಂಧ ಮಾತ್ರ ಒಪ್ಪಂದ ಕಾಯ್ದೆಯ 27ನೇ ಕಲಮಿನ ಎದುರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಹಾಗಿದ್ದರೂ ಅದು ಹೆದರಿಸಲು ಸಾಕಾಗುತ್ತದೆ.

ಸೋತರೆ ಕೈಯಲ್ಲಿ ಏನು ಉಳಿಯುತ್ತದೆ

ಇಲ್ಲಿಯವರೆಗಿನದೆಲ್ಲ ಗೆಲ್ಲುವ ಲೆಕ್ಕ. ಉಳಿತಾಯ ಸಣ್ಣದಿರುವವರು ಅದಕ್ಕಿಂತ ಮೊದಲು ಹಾಕಬೇಕಾದದ್ದು ಒಂದು ವರ್ಷ ನಡೆಸಿ ಮುಚ್ಚಬೇಕಾಗಿ ಬಂದರೆ ಏನಾಗುತ್ತದೆ ಎಂಬ ಲೆಕ್ಕ. ಆ ಸಂಜೆ ಇದನ್ನು ಬರೆದು ತೋರಿಸಿದಾಗಲೇ ದಂಪತಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ಫ್ರಾಂಚೈಸಿಯಲ್ಲಿ 3.54 ಲಕ್ಷ ಶುಲ್ಕ ಪೂರ್ತಿ ಹೋದಂತೆ. 5.5 ಲಕ್ಷದ ಒಳಾಂಗಣ ಮತ್ತು ಯಂತ್ರಗಳಲ್ಲಿ ಗೋಡೆಗೆ ಅಂಟಿದ್ದು, ಕಂಪನಿಯ ಬಣ್ಣದ್ದು ಮಾರಾಟವಾಗುವುದಿಲ್ಲ. ಉಳಿದ ಫ್ರಿಜ್ಜು, ಯಂತ್ರಗಳಿಂದ ಒಂದು ಲಕ್ಷದ ಮೇಲೆ ಸ್ವಲ್ಪ ಬರಬಹುದು. ಮಳಿಗೆಯ ಮುಂಗಡ, ಸ್ವಲ್ಪ ಸರಕು ಸೇರಿ ಕೈಗೆ ಬರುವುದು ಒಟ್ಟು 3.1 ಲಕ್ಷ. ಆಗ ಬ್ಯಾಂಕಿಗೆ ಉಳಿದಿರುವ ಸಾಲ 3.8 ಲಕ್ಷ. ಅಂದರೆ 8 ಲಕ್ಷವೂ ಹೋಗಿ, ಅದರ ಮೇಲೆ 70,000 ರೂಪಾಯಿ ಬಾಕಿ. ಕರಡಿನ ಕನಿಷ್ಠ ರಾಯಧನದ ಷರತ್ತನ್ನು ಇದಕ್ಕೆ ಸೇರಿಸಿಲ್ಲ.

ಸ್ವಂತ ಅಂಗಡಿಯಲ್ಲಿ ಹೂಡಿದ 4.75 ಲಕ್ಷದ ಪೈಕಿ ಮುಂಗಡ 80,000, ಸ್ಟೀಲ್ ಮತ್ತು ಯಂತ್ರದ ಸಾಮಾನುಗಳಿಂದ ಸುಮಾರು 1.2 ಲಕ್ಷ, ಸರಕಿನಿಂದ 10,000 ಮರಳಿ ಬರುತ್ತದೆ. ಮುಟ್ಟದೆ ಉಳಿಸಿದ 3.25 ಲಕ್ಷ ಸೇರಿದರೆ ಕೈಯಲ್ಲಿ 5.35 ಲಕ್ಷ, ಸಾಲವಿಲ್ಲ. ಆ ಹಣದಲ್ಲಿ ಬೇರೆ ಜಾಗದಲ್ಲಿ ಇಂಥದ್ದೇ ಇನ್ನೊಂದು ಅಂಗಡಿಯನ್ನು ಹಾಕಬಹುದು. ದೊಡ್ಡ ಬಂಡವಾಳವಿರುವವರಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟುವುದಿಲ್ಲ. ಇವರ ವಯಸ್ಸಿನಲ್ಲಿ, ಇವರ ಉಳಿತಾಯದಲ್ಲಿ, ಒಂದೇ ಸಲ ಪ್ರಯತ್ನಿಸಲು ಸಾಧ್ಯವಾಗುವ ದಾರಿಗಿಂತ ಎರಡು ಸಲ ಪ್ರಯತ್ನಿಸಲು ಸಾಧ್ಯವಾಗುವ ದಾರಿಯೇ ಸರಿ ಎಂದು ನಾನು ಹೇಳಿದೆ. ನಿರ್ಧಾರವನ್ನು ಅವರು ಮಾಡಿದರು.

ಶುಲ್ಕ ಕೊಡದೆ ಕಲಿಯಬೇಕಾದದ್ದು

ಫ್ರಾಂಚೈಸಿ ಬೇಡವೆಂದ ಕೂಡಲೇ ಅದು ಕೊಡುವ ಸೌಲಭ್ಯಗಳ ಅಗತ್ಯ ಹೋಗುವುದಿಲ್ಲ. ಹೆಸರಿನ ಜೊತೆಗೆ ಕಂಪನಿ ಮಾರುವುದು ಒಂದೇ ರುಚಿಯನ್ನು ದಿನವೂ ಕೊಡುವ ವಿಧಾನವನ್ನು. ಈ ಪತಿಗೆ ಅದೇ ಇರಲಿಲ್ಲ. ಔಷಧದ ಪೆಟ್ಟಿಗೆಗಳನ್ನು ಬಲ್ಲವರು, ಒಲೆಯನ್ನು ಬಲ್ಲವರಲ್ಲ. ಅದಕ್ಕಾಗಿ ಅವರು ಅಂಗಡಿ ಹಿಡಿಯುವ ಮೊದಲು ಚಿತ್ರದುರ್ಗದಲ್ಲಿ ಕ್ಯಾಂಟೀನು ನಡೆಸುವ ಸಂಬಂಧಿಕರೊಬ್ಬರ ಬಳಿ ಸಂಬಳವಿಲ್ಲದೆ ಆರು ವಾರ ದುಡಿದರು.

ಆದರೂ ಪೆಟ್ಟು ಬಿದ್ದದ್ದು ಅಲ್ಲಿಯೇ. ಹದಡಿ ರಸ್ತೆಯ ಅಂಗಡಿ ಮೊದಲ ತಿಂಗಳು ದಿನಕ್ಕೆ 1,900 ರೂಪಾಯಿಯಷ್ಟು ಮಾರಿತು, ಮೂರನೆಯ ತಿಂಗಳಿಗೆ 2,800 ಮುಟ್ಟಿತು. ಆಗ ಚಹಾ ಮಾಡುತ್ತಿದ್ದ ಸಹಾಯಕ ಹೇಳದೆ ಕೆಲಸ ಬಿಟ್ಟ. ಹೊಸಬನ ಕೈಯಲ್ಲಿ ಶುಂಠಿ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ, ಹಾಲು ಕುದಿದು ದಪ್ಪವಾದರೂ ಒಲೆಯಿಂದ ಇಳಿಸದೆ ಬಿಡುವುದು ಶುರುವಾಯಿತು. ಎರಡು ವಾರದಲ್ಲಿ ಮಾರಾಟ 2,200ಕ್ಕೆ ಇಳಿಯಿತು. ಏನು ತಪ್ಪಾಗಿದೆ ಎಂದು ತಿಳಿದದ್ದು ಗಲ್ಲಾಪೆಟ್ಟಿಗೆಯಿಂದಲ್ಲ. ಪತ್ನಿ ಮೊದಲ ದಿನದಿಂದಲೂ ಹಾಲಿನ ಲೀಟರು ಮತ್ತು ಮಾರಾಟವಾದ ಲೋಟ ಎರಡನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದರು. ಲೀಟರಿಗೆ ಹನ್ನೆರಡು ಬರುತ್ತಿದ್ದ ಲೋಟ ಒಂಬತ್ತು, ಹತ್ತಕ್ಕೆ ಇಳಿದಿತ್ತು. ಗಿರಾಕಿ ಕಡಿಮೆಯಾಗುವುದರ ಜೊತೆಗೆ ಹಾಲೂ ಆವಿಯಾಗಿ ಮತ್ತು ಚೆಲ್ಲಿ ಹೋಗುತ್ತಿತ್ತು.

ಪರಿಹಾರವನ್ನು ಕಂಡುಕೊಂಡವರೂ ಅವರೇ. ರಾತ್ರಿ ಮನೆಯಲ್ಲಿ ಕುಳಿತು, ಎರಡು ಲೀಟರ್ ಹಾಲಿಗೆ ಬೇಕಾದ ಚಹಾ ಪುಡಿ, ಏಲಕ್ಕಿ ಮತ್ತು ಒಣಶುಂಠಿಯನ್ನು ತೂಗಿ, ಪುಟ್ಟ ಪೊಟ್ಟಣಗಳಲ್ಲಿ ಕಟ್ಟಿ ಕಳಿಸತೊಡಗಿದರು. ಸಕ್ಕರೆಗೆ ಒಂದು ಅಳತೆಯ ಡಬ್ಬಿ, ನೀರಿಗೆ ಪಾತ್ರೆಯ ಒಳಗೆ ಗೀಚಿದ ಒಂದು ಗೆರೆ. ಒಮ್ಮೆ ಕಾಯಿಸಿದ ಚಹಾವನ್ನು ಅರ್ಧ ಗಂಟೆಗಿಂತ ಹೆಚ್ಚು ಇಡಬಾರದೆಂಬ ನಿಯಮ. ಕಂಪನಿ ಮಿಶ್ರಣದ ಪೊಟ್ಟಣದ ರೂಪದಲ್ಲಿ ಮಾರುತ್ತಿದ್ದದ್ದು ಇದನ್ನೇ. ಅದರ ಬೆಲೆ ಎಷ್ಟಿರಬೇಕೆಂಬುದು ಆಗ ಇವರಿಗೆ ಸರಿಯಾಗಿ ತಿಳಿಯಿತು.

ಇನ್ನೊಂದು ಅನುಕೂಲವೂ ಇತ್ತು, ಅದನ್ನು ಕಂಪನಿಯ ಒಪ್ಪಂದ ಕೊಡುತ್ತಿರಲಿಲ್ಲ. ಸಂಜೆ ನಾಲ್ಕರ ಮೇಲೆ ದಾವಣಗೆರೆಯವರಿಗೆ ಚಹಾದ ಜೊತೆ ಬೇಕಾದದ್ದು ಬಿಸ್ಕತ್ತಲ್ಲ, ಮಂಡಕ್ಕಿ ಮತ್ತು ಮಿರ್ಚಿ. ಕಂಪನಿಯ ತಿನಿಸುಪಟ್ಟಿಯಲ್ಲಿ ಹೆಪ್ಪುಗಟ್ಟಿಸಿ ಕಳಿಸುವ ಪದಾರ್ಥಗಳಿದ್ದವು, ಹೊರಗಿನದನ್ನು ಸೇರಿಸಿದರೆ ದಂಡ. ಇವರು ಐದನೆಯ ತಿಂಗಳಿಂದ ಸಂಜೆಗೆ ನರ್ಗಿಸ್ ಮಂಡಕ್ಕಿ ಮತ್ತು ಮಿರ್ಚಿ ಸೇರಿಸಿದರು. ಮಂಡಕ್ಕಿ ಊರಿನಲ್ಲೇ ಹುರಿದು ಬರುವ ಸರಕಾದ್ದರಿಂದ ಅಗ್ಗ, ಒಗ್ಗರಣೆ ಪತ್ನಿಯದು. ಬೇಸಿಗೆಯ ಮಧ್ಯಾಹ್ನಕ್ಕೆ ಮಜ್ಜಿಗೆ ಬಂತು. ಎಂಟನೆಯ ತಿಂಗಳಲ್ಲಿ ದಿನದ ಸರಾಸರಿ 3,700 ದಾಟಿತು. ಅವರ ಗುರಿಯ 3,600ಕ್ಕಿಂತ ಅದು ಹೆಚ್ಚೇನೂ ಅಲ್ಲ, ಇದನ್ನು ದೊಡ್ಡ ಯಶಸ್ಸೆಂದು ನಾನು ಬಣ್ಣಿಸುವುದಿಲ್ಲ. ಮನೆ ನಡೆಯುತ್ತಿದೆ, ಸಾಲವಿಲ್ಲ, 3.25 ಲಕ್ಷದಲ್ಲಿ ಮೊದಲ ತಿಂಗಳುಗಳ ಕೊರತೆಗೆ ಸುಮಾರು 60,000 ಬಳಕೆಯಾಗಿ ಉಳಿದದ್ದು ಬ್ಯಾಂಕಿನಲ್ಲಿದೆ.

ಯಾವಾಗ ಫ್ರಾಂಚೈಸಿಯೇ ಸರಿಯಾಗುತ್ತಿತ್ತು

ಇದೇ ಅವಧಿಯಲ್ಲಿ ಪತ್ನಿಯ ತಮ್ಮ, ಲ್ಯಾಬ್ ತಂತ್ರಜ್ಞ, ಹರಿಹರದಲ್ಲಿ ರಕ್ತಪರೀಕ್ಷೆಯ ಮಾದರಿ ಸಂಗ್ರಹ ಕೇಂದ್ರ ತೆರೆಯುವ ಬಗ್ಗೆ ಕೇಳಿದಾಗ, ದೊಡ್ಡ ಪ್ರಯೋಗಾಲಯವೊಂದರ ಫ್ರಾಂಚೈಸಿಯನ್ನೇ ತೆಗೆದುಕೊಳ್ಳಲು ನಾನು ಹೇಳಿದೆ. ಅಲ್ಲಿ ಕಾರಣಗಳು ತಿರುಗುಮುರುಗು. ರೋಗಿಯಾಗಲಿ, ಚೀಟಿ ಬರೆಯುವ ವೈದ್ಯರಾಗಲಿ ನಂಬುವುದು ವರದಿಯ ಮೇಲಿನ ಹೆಸರನ್ನು. ಪರೀಕ್ಷೆಯ ಯಂತ್ರಗಳನ್ನು ಸ್ವಂತಕ್ಕೆ ಕೊಳ್ಳುವುದು ಸಣ್ಣ ಉಳಿತಾಯದವರ ಕೈಯಲ್ಲಿ ಆಗುವ ಮಾತಲ್ಲ. ಅವನ ಹೂಡಿಕೆ ಒಂದು ಕೋಣೆ, ಕುರ್ಚಿ, ಫ್ರಿಜ್ಜು ಮತ್ತು ಕಂಪನಿಯ ಠೇವಣಿಗೆ ಸೀಮಿತವಾಗಿತ್ತು. ಆ ಠೇವಣಿಯೂ ಲೆಕ್ಕ ತೀರಿಸಿದ ಮೇಲೆ ಮರಳಿ ಬರುವಂಥದ್ದೆಂದು ಒಪ್ಪಂದದಲ್ಲಿತ್ತು. ಚಹಾ ಮಳಿಗೆಗೆ ಕೇಳಿದ ಪ್ರಶ್ನೆಗಳನ್ನೇ ಅಲ್ಲಿಯೂ ಕೇಳಿದೆವು: ಹೆಸರು ತರುವ ಹೆಚ್ಚುವರಿ ವ್ಯಾಪಾರವೆಷ್ಟು, ಅದಿಲ್ಲದೆ ಅದೇ ಕೆಲಸ ಸಾಧ್ಯವೇ, ಮುಚ್ಚಿದರೆ ಎಷ್ಟು ಮರಳಿ ಬರುತ್ತದೆ. ಉತ್ತರಗಳು ಬೇರೆಯಾಗಿದ್ದವು, ನಿರ್ಧಾರವೂ ಬೇರೆಯಾಯಿತು.

ಚಹಾ ಅಂಗಡಿಯ ದಂಪತಿ ಈಚೆಗೆ ಮತ್ತೊಂದು ಕೆಲಸಕ್ಕಾಗಿ ಬಂದಿದ್ದರು. ತಮ್ಮ ಅಂಗಡಿಯ ಹೆಸರನ್ನು ನಿಟ್ಟುವಳ್ಳಿಯ ಕಡೆ ಒಬ್ಬರು ಬಳಸತೊಡಗಿದ್ದಾರೆಂದು ತಿಳಿದು, 43ನೇ ವರ್ಗದಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಬೇಕೆಂದಿದ್ದರು. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನಿನಲ್ಲಿ ಹಾಕಿದರೆ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ. ಹೆಸರನ್ನು ಮೊದಲ ಬಾರಿ ಬಳಸಿದ ದಿನಾಂಕಕ್ಕೆ ಪುರಾವೆಯಾಗಿ ಪಾಲಿಕೆಯ ಪರವಾನಗಿ, ಬೋರ್ಡು ಬರೆದವರ ಬಿಲ್ಲು ಮತ್ತು ಮೊದಲ ತಿಂಗಳ ಹಾಲಿನ ಲೆಕ್ಕದ ಪುಸ್ತಕವನ್ನು ಜೊತೆಗೆ ಇಟ್ಟುಕೊಳ್ಳಲು ತಿಳಿಸಿ, ಅರ್ಜಿಯನ್ನು ಸಲ್ಲಿಸಿದ್ದೇವೆ.